ಬಿಳಿ ಚುಕ್ಕಿಗೆ ಬಣ್ಣ ಹತ್ತದಂತೆ

ಬಾಂಧನಿ ಮತ್ತು ಬಾಟಿಕ್ ಎರಡರಲ್ಲೂ ಕೆಲಸದ ಗುಟ್ಟು ಒಂದೇ. ಬಟ್ಟೆಯ ಕೆಲವು ಜಾಗಗಳಿಗೆ ಬಣ್ಣ ತಾಗದಂತೆ ತಡೆದು, ಉಳಿದ ಜಾಗಕ್ಕೆಲ್ಲ ಬಣ್ಣ ಕೊಡುವುದು. ಗುಜರಾತಿನ ಕಚ್ಛ್, ಜಾಮ್‌ನಗರಗಳ ಬಾಂಧನಿಯಲ್ಲಿ ಆ ತಡೆ ದಾರದ ಗಂಟು. ಬಟ್ಟೆಯ ಒಂದು ಚೂರನ್ನು ಉಗುರಿನ ತುದಿಯಲ್ಲಿ ಎತ್ತಿ ಹಿಡಿದು, ಅದರ ಬುಡಕ್ಕೆ ದಾರವನ್ನು ಬಿಗಿಯಾಗಿ ಸುತ್ತುತ್ತಾರೆ. ಬಾಟಿಕ್‌ನಲ್ಲಿ ತಡೆ ಕರಗಿಸಿ ಹಚ್ಚಿದ ಮೇಣ. ಬಾಟಿಕ್‌ಗೆ ಜಾವಾ ದ್ವೀಪ ಹೆಸರುವಾಸಿಯಾದರೂ ಕಚ್ಛ್‌ನ ಮುಂದ್ರಾ, ಉಜ್ಜಯಿನಿ ಬಳಿಯ ಭೈರವಗಢ, ಬಂಗಾಳದ ಶಾಂತಿನಿಕೇತನಗಳಲ್ಲೂ ಈ ಕಸುಬಿದೆ.

ಎರಡರಲ್ಲೂ ಬಣ್ಣ ಏರುವುದು ತಿಳಿಯಿಂದ ಗಾಢಕ್ಕೆ. ಕೆಂಪು ನೆಲದ ಮೇಲೆ ಬಿಳಿ, ಹಳದಿ ಚುಕ್ಕಿಗಳಿರುವ ಒಂದು ದುಪಟ್ಟಾ ಬೇಕೆಂದುಕೊಳ್ಳಿ. ಮೊದಲು ಬಿಳಿ ಬಟ್ಟೆಯಲ್ಲಿ ಬಿಳಿಯಾಗಿ ಉಳಿಯಬೇಕಾದ ಚುಕ್ಕಿಗಳನ್ನು ಕಟ್ಟಿ, ಇಡೀ ಬಟ್ಟೆಯನ್ನು ಹಳದಿಯಲ್ಲಿ ಅದ್ದುತ್ತಾರೆ. ಆಮೇಲೆ ಹಳದಿಯಾಗಿ ಉಳಿಯಬೇಕಾದ ಚುಕ್ಕಿಗಳನ್ನು ಕಟ್ಟಿ ಕೆಂಪಿನಲ್ಲಿ ಅದ್ದುತ್ತಾರೆ. ಗಂಟು ಬಿಚ್ಚಿದಾಗ ಮೂರು ಬಣ್ಣಗಳೂ ಒಟ್ಟಿಗೆ ಕಾಣುತ್ತವೆ. ಅಂದರೆ ಆ ಬಿಳಿ ಚುಕ್ಕಿ ಬಳಿದ ಬಿಳಿ ಬಣ್ಣವಲ್ಲ, ಬಣ್ಣವನ್ನೇ ಕಾಣದ ಹಸಿ ನೂಲು. ಅದಕ್ಕೆ ಬಣ್ಣ ಹೀರುವ ಶಕ್ತಿ ಪೂರ್ತಿ ಉಳಿದಿದೆ. ಸಾದಾ ಕೆಂಪು ಬಟ್ಟೆ ತುಸು ಬಣ್ಣ ಬಿಟ್ಟರೆ ಪಕ್ಕದ ಬಟ್ಟೆ ಕೆಡುತ್ತದೆ, ಅಷ್ಟೇ. ಬಾಂಧನಿ ಬಣ್ಣ ಬಿಟ್ಟರೆ ಮೊದಲು ಕೆಡುವುದು ಅದರದೇ ಚುಕ್ಕಿ. ಬಿಳಿ ಹೋಗಿ ನಸುಗುಲಾಬಿಯಾದ ಮೇಲೆ ಕಟ್ಟಿದವರ ಶ್ರಮವೆಲ್ಲ ಮಸುಕಾಗಿ ಹೋಗುತ್ತದೆ.

ಬಣ್ಣ ಬಿಡುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದನ್ನು ಇನ್ನೊಂದೆಂದು ತಿಳಿದು ಮದ್ದು ಮಾಡಿದರೆ ಬಟ್ಟೆ ಇನ್ನಷ್ಟು ಹಾಳಾಗುತ್ತದೆ.

ಮೊದಲನೆಯದು, ಬಣ್ಣವೇ ಸಡಿಲವಾಗಿರುವುದು. ಅಗ್ಗದ ಹತ್ತಿ ಬಟ್ಟೆಗೆ ಬಳಸುವ ‘ಡೈರೆಕ್ಟ್’ ಬಣ್ಣಗಳು ಬಿಸಿನೀರು ಮತ್ತು ಉಪ್ಪಿನ ಬಲದಿಂದ ನೂಲಿನೊಳಗೆ ಹೋಗಿ ಕೂರುತ್ತವೆ. ನೂಲಿಗೂ ಬಣ್ಣಕ್ಕೂ ಅಲ್ಲಿ ಗಟ್ಟಿ ಬೆಸುಗೆ ಇರುವುದಿಲ್ಲ. ನೀರು ಒಳಹೊಕ್ಕಾಗಲೆಲ್ಲ ಒಂದಿಷ್ಟು ಬಣ್ಣ ಹೊರಗೆ ಬರುತ್ತದೆ. ಇಂಥ ಬಟ್ಟೆ ಪ್ರತಿ ಒಗೆತದಲ್ಲೂ ಬಣ್ಣ ಬಿಡುತ್ತ, ತಾನೂ ಪೇಲವವಾಗುತ್ತ ಹೋಗುತ್ತದೆ.

ಎರಡನೆಯದು, ಬಣ್ಣ ಒಳ್ಳೆಯದೇ ಆಗಿದ್ದು, ಹೆಚ್ಚುವರಿ ಬಣ್ಣ ತೊಳೆದುಹೋಗದೆ ಉಳಿದಿರುವುದು. ‘ರಿಯಾಕ್ಟಿವ್’ ಬಣ್ಣಗಳು ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಇವನ್ನು ಪ್ರೋಸಿಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇವುಗಳಲ್ಲಿ ಕೆಲವು ತಣ್ಣೀರಿನಲ್ಲೇ ಹಿಡಿಯುವುದರಿಂದ ಮೇಣದ ಕೆಲಸಕ್ಕೆ ಹೇಳಿಮಾಡಿಸಿದಂತಿವೆ, ಬಿಸಿನೀರಿಗೆ ಇಳಿಸಿದರೆ ಮೇಣ ಕರಗಿಬಿಡುತ್ತದಲ್ಲ. ಆದರೆ ತೊಟ್ಟಿಯಲ್ಲಿದ್ದ ಬಣ್ಣವೆಲ್ಲ ನೂಲನ್ನು ಸೇರುವುದಿಲ್ಲ. ಒಂದು ಪಾಲು ನೀರಿನೊಡನೆಯೇ ಕೂಡಿ ನಿಷ್ಪ್ರಯೋಜಕವಾಗುತ್ತದೆ. ಹೀಗೆ ಕೆಟ್ಟ ಬಣ್ಣಕ್ಕೆ ಬೆಸೆಯುವ ಶಕ್ತಿ ಇರುವುದಿಲ್ಲ, ನೂಲಿಗೆ ಅಂಟಿಕೊಳ್ಳುವ ಗುಣ ಮಾತ್ರ ಉಳಿದಿರುತ್ತದೆ. ಅದನ್ನು ಹಲವು ಸಲ ನೀರು ಬದಲಿಸಿ, ಕೊನೆಗೆ ಸೋಪು ಹಾಕಿದ ಕುದಿನೀರಿನಲ್ಲಿ ತೊಳೆದು ತೆಗೆಯಬೇಕು. ನೀರು, ಸೌದೆ, ಸಮಯ ಉಳಿಸಲು ಬಣ್ಣಗಾರರು ಈ ಹಂತವನ್ನು ಮೊಟಕು ಮಾಡಿದರೆ ಉಳಿಕೆ ಬಣ್ಣ ಕೊಂಡವರ ಮನೆಯ ಬಕೆಟ್ಟಿಗೆ ಇಳಿಯುತ್ತದೆ.

ಬಾಂಧನಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಅಚ್ಚು ಹಾಕಿದ ನಕಲಿ ಅಲ್ಲ, ಕೈಯಿಂದ ಕಟ್ಟಿದ್ದೇ ಎಂದು ತೋರಿಸಲು ಎಷ್ಟೋ ಬಟ್ಟೆಗಳನ್ನು ಗಂಟು ಬಿಚ್ಚದೆಯೇ ಮಾರುತ್ತಾರೆ. ಕೊಂಡವರು ಎರಡೂ ಅಂಚು ಹಿಡಿದು ಅಡ್ಡಕ್ಕೆ ಎಳೆದಾಗ ದಾರಗಳು ಪಟಪಟನೆ ಹಾರಿ ಬಿಚ್ಚಿಕೊಳ್ಳುತ್ತವೆ. ನೋಡಲು ಅಂದವೇ. ಆದರೆ ಆ ಗಂಟಿನ ಸುತ್ತಲ ಮಡಿಕೆಗಳೊಳಗೆ ಒಣಗಿ ಕೂತ ಬಣ್ಣ ನೀರನ್ನೇ ಕಂಡಿರುವುದಿಲ್ಲ. ಬಿಳಿ ಚುಕ್ಕಿಗೆ ತೀರ ಹತ್ತಿರವಿರುವುದೂ ಅದೇ.

ಬಾಟಿಕ್ ಈ ವಿಷಯದಲ್ಲಿ ಸ್ವಲ್ಪ ವಾಸಿ. ಮೇಣ ತೆಗೆಯಲು ಬಟ್ಟೆಯನ್ನು ಹೇಗೂ ಕುದಿನೀರಿನಲ್ಲಿ ಬೇಯಿಸಲೇಬೇಕಾದ್ದರಿಂದ ಹೆಚ್ಚುವರಿ ಬಣ್ಣದ ಬಹುಪಾಲು ಆಗಲೇ ಹೋಗಿರುತ್ತದೆ. ಅದರ ತೊಂದರೆ ಬೇರೆ. ನಮ್ಮ ದೇಶದ ಬಾಟಿಕ್‌ನಲ್ಲಿ ‘ನಾಫ್ತಾಲ್’ ಬಣ್ಣಗಳ ಬಳಕೆ ಹೆಚ್ಚು. ಬಟ್ಟೆಯನ್ನು ಮೊದಲು ಒಂದು ದ್ರಾವಣದಲ್ಲಿ, ಆಮೇಲೆ ಇನ್ನೊಂದರಲ್ಲಿ ಅದ್ದಿದಾಗ ಎರಡೂ ಸೇರಿ ನೂಲಿನಲ್ಲೇ ಬಣ್ಣ ಹುಟ್ಟುತ್ತದೆ. ಈ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಒಗೆದರೆ ಅಷ್ಟಾಗಿ ಬಿಡುವುದಿಲ್ಲ. ನೂಲಿನ ಮೇಲ್ಮೈಯಲ್ಲಿ ಉಳಿದ ಪುಡಿ ಮಾತ್ರ ಉಜ್ಜಿದಾಗ ಕೈಗೆ, ರವಿಕೆಗೆ, ಚರ್ಮಕ್ಕೆ ಅಂಟುತ್ತದೆ. ಬ್ರಷ್ ಹಾಕಿ ತಿಕ್ಕಿದರೆ ಇಂಥ ಬಟ್ಟೆಯಲ್ಲಿ ಬಿಳಿಚಿದ ಪಟ್ಟೆಗಳು ಏಳುತ್ತವೆ.

ಆದ್ದರಿಂದ ಒಗೆಯುವ ಮೊದಲು ಬಟ್ಟೆಯನ್ನು ಪರೀಕ್ಷಿಸುವುದು ಒಳ್ಳೆಯದು. ಒಳಗಡೆಯ ಅಂಚಿನಲ್ಲಿ ಗಾಢ ಬಣ್ಣವಿರುವ ಜಾಗವನ್ನು ಬಿಳಿ ಹತ್ತಿಬಟ್ಟೆಯಿಂದ ಮೊದಲು ಒಣಗಿದ್ದಾಗಲೇ ಹತ್ತು ಸಲ ಉಜ್ಜಬೇಕು. ಬಣ್ಣ ಹತ್ತಿದರೆ ಅದು ಮೇಲ್ಮೈಯ ಪುಡಿ. ನಂತರ ಬಿಳಿಬಟ್ಟೆಯ ಇನ್ನೊಂದು ತುಂಡನ್ನು ಒದ್ದೆ ಮಾಡಿ, ಅದೇ ಜಾಗದ ಮೇಲಿಟ್ಟು, ಭಾರ ಹೇರಿ ಅರ್ಧ ಗಂಟೆ ಬಿಡಬೇಕು. ಬಿಳಿಬಟ್ಟೆಗೆ ಬಣ್ಣ ಇಳಿದಿದ್ದರೆ ನೀರಿಗೆ ಬಿಡುವ ಬಣ್ಣವೆಂದು ತಿಳಿಯುತ್ತದೆ.

ಮೇಲೆ ಹೇಳಿದ ಕೆಂಪು ಹತ್ತಿ ದುಪಟ್ಟಾ ಈ ಎರಡನೆಯ ಪರೀಕ್ಷೆಯಲ್ಲಿ ಬಣ್ಣ ಬಿಟ್ಟಿತು ಎನ್ನೋಣ. ತೂಕ ಸುಮಾರು 200 ಗ್ರಾಂ. ಅದಕ್ಕೆ 10 ಲೀಟರ್ ತಣ್ಣೀರು ಬೇಕು. ಚಿಕ್ಕ ಬೋಗುಣಿಯಲ್ಲಿ ಮುಳುಗುವಷ್ಟೇ ನೀರು ಹಾಕಿದರೆ ಬಿಟ್ಟ ಬಣ್ಣ ಗಾಢವಾಗಿ ನಿಂತು ಚುಕ್ಕಿಗಳಿಗೆ ಮರಳಿ ಹತ್ತುತ್ತದೆ. ನೀರು ಹೆಚ್ಚಿದ್ದಷ್ಟೂ ಬಣ್ಣ ತೆಳುವಾಗುತ್ತದೆ. ಬಟ್ಟೆಯನ್ನು ಪೂರ್ತಿ ಬಿಡಿಸಿ, ನೀರಿಗೆ ಇಳಿಸಿ, ಎರಡು ಮೂರು ನಿಮಿಷ ಬಿಡದೆ ಆಡಿಸಿ ಮೇಲೆತ್ತಬೇಕು. ನೆನೆಹಾಕಿ ಬೇರೆ ಕೆಲಸಕ್ಕೆ ಹೋಗುವುದೇ ಹೆಚ್ಚಿನ ಅನಾಹುತಗಳ ಮೂಲ. ಆ ನೀರನ್ನು ಒಂದು ಗಾಜಿನ ಲೋಟದಲ್ಲಿ ತೆಗೆದಿಟ್ಟು, ಹೊಸ ನೀರಿನಲ್ಲಿ ಮತ್ತೆರಡು ಸಲ ಹೀಗೆಯೇ ಜಾಲಿಸಿ, ಆ ನೀರನ್ನೂ ಒಂದೊಂದು ಲೋಟ ಪಕ್ಕಕ್ಕೇ ಇಡಬೇಕು.

ಮೂರು ಲೋಟಗಳನ್ನು ಬಿಳಿ ಕಾಗದದ ಮುಂದೆ ನಿಲ್ಲಿಸಿ ನೋಡಿದರೆ ವಿಷಯ ಮುಕ್ಕಾಲು ತಿಳಿಯುತ್ತದೆ. ಮೊದಲನೆಯದು ಕೆಂಪು, ಎರಡನೆಯದು ಗುಲಾಬಿ, ಮೂರನೆಯದು ಹೆಚ್ಚುಕಡಿಮೆ ತಿಳಿನೀರು ಎಂದಾದರೆ ಅದು ಉಳಿಕೆ ಬಣ್ಣ. ಮೂರೂ ಒಂದೇ ಹದದ ಕೆಂಪಾಗಿದ್ದರೆ ಬಣ್ಣವೇ ಸಡಿಲವಿರುವ ಸಂಭವ ಹೆಚ್ಚು.

ಉಳಿಕೆ ಬಣ್ಣವಾಗಿದ್ದರೆ ಅದನ್ನು ಹೊರಗೆ ತೆಗೆದುಬಿಡುವುದೇ ಪರಿಹಾರ. ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿದ ಮೇಲೆ, ಕೈಗೆ ಚುರುಕ್ಕೆನ್ನುವಷ್ಟು ಬಿಸಿಯಾದ ಹೇರಳ ನೀರಿಗೆ ಸ್ವಲ್ಪ ಸೌಮ್ಯವಾದ ಸೋಪಿನ ದ್ರಾವಣ ಸೇರಿಸಿ, ಕೋಲಿನಿಂದ ಐದಾರು ನಿಮಿಷ ತಿರುವಬೇಕು. ನೀರು ಬಿಸಿಯಿರುವಾಗಲೇ ಬಟ್ಟೆಯನ್ನು ತೆಗೆಯುವುದು ಇಲ್ಲಿ ಮುಖ್ಯ. ಬಿಸಿನೀರಿನಲ್ಲಿ ನೂಲನ್ನು ಬಿಟ್ಟ ಬಣ್ಣ, ನೀರು ಆರುತ್ತ ಬಂದಂತೆ ಮತ್ತೆ ನೂಲಿಗೇ ಹೋಗಿ ಅಂಟುತ್ತದೆ. ಇದನ್ನು ಎರಡು ಸಲ ಮಾಡಿದರೆ ಮುಂದಿನ ಒಗೆತಗಳಲ್ಲಿ ದುಪಟ್ಟಾ ಬಣ್ಣ ಬಿಡುವುದು ತೀರ ಕಡಿಮೆಯಾಗುತ್ತದೆ. ಈ ಬಿಸಿನೀರಿನ ಮಾತು ಹತ್ತಿಗೆ ಮಾತ್ರ, ರೇಷ್ಮೆಗೆ ಸಲ್ಲದು.

ಬಣ್ಣವೇ ಸಡಿಲವಿದ್ದರೆ ಬಿಸಿನೀರು ಅದನ್ನು ಇನ್ನಷ್ಟು ಕೀಳುತ್ತದೆ. ಅಂಥದನ್ನು ಯಾವಾಗಲೂ ಬೇರೆಯಾಗಿ, ತಣ್ಣೀರಿನಲ್ಲಿ, ಬೇಗಬೇಗ ಒಗೆದು ತೆಗೆಯಬೇಕು. ಬಣ್ಣ ಮಾರುವ ಅಂಗಡಿಗಳಲ್ಲಿ ‘ಡೈ ಫಿಕ್ಸರ್’ ಎಂಬ ದ್ರಾವಣ ಸಿಗುತ್ತದೆ. ಅದು ಬಣ್ಣದ ಕಣಗಳ ಜೊತೆ ಕೂಡಿ, ಅವು ಸುಲಭವಾಗಿ ನೀರಿಗೆ ಇಳಿಯದಂತೆ ಮಾಡುತ್ತದೆ. ಚುಕ್ಕಿಗಳು ಬೆಳ್ಳಗಿರುವಾಗಲೇ ಅದನ್ನು ಬಳಸಬೇಕು, ಬಣ್ಣ ಹತ್ತಿದ ಚುಕ್ಕಿಗೆ ಬಿದ್ದರೆ ಆ ಕಲೆಯೂ ಅಲ್ಲೇ ನಿಂತುಬಿಡುತ್ತದೆ.

ಮನೆಗಳಲ್ಲಿ ಎಲ್ಲರೂ ಮೊದಲು ಹೇಳುವ ಮದ್ದು ಉಪ್ಪುನೀರು. ಅದರಲ್ಲಿ ಸ್ವಲ್ಪ ನಿಜವಿದೆ. ಉಪ್ಪು ಬಣ್ಣವನ್ನು ನೂಲಿನತ್ತ ಒತ್ತುವುದರಿಂದ ಡೈರೆಕ್ಟ್ ಬಣ್ಣದ ಬಟ್ಟೆ ಆ ಒಂದು ಸಲ ಕಡಿಮೆ ಬಿಡುತ್ತದೆ, ಮುಂದಿನ ಸಲ ಮತ್ತೆ ಮೊದಲಿನಂತೆಯೇ. ರಿಯಾಕ್ಟಿವ್ ಬಣ್ಣದಲ್ಲಿ ಉಪ್ಪು ಅಪಕಾರವನ್ನೇ ಮಾಡುತ್ತದೆ. ಹೊರಗೆ ಹೋಗಬೇಕಾದ ಉಳಿಕೆಯನ್ನು ಅದು ಒಳಗೇ ಹಿಡಿದಿಡುತ್ತದೆ. ವಿನಿಗರ್ ಹತ್ತಿಗೆ ಬೇಡ, ಅದು ಉಪಯೋಗಕ್ಕೆ ಬರುವುದು ರೇಷ್ಮೆಯಲ್ಲಿ. ರೇಷ್ಮೆಯ ಬಾಂಧನಿಗೆ ಬಹುಮಟ್ಟಿಗೆ ‘ಆಸಿಡ್’ ಬಣ್ಣಗಳನ್ನೇ ಹಾಕುತ್ತಾರೆ. ಹುಳಿಯ ಅಂಶವಿದ್ದರೆ ಅವು ನೂಲನ್ನು ಬಿಗಿಯಾಗಿ ಹಿಡಿಯುತ್ತವೆ, ಸೋಡಾ ಇರುವ ಬಟ್ಟೆಸೋಪು ತಗಲಿದರೆ ಹಿಡಿತ ಬಿಡುತ್ತವೆ. ರೇಷ್ಮೆಗೆ ಅಂಟುವಾಳದ ತಿಳಿನೀರೇ ಲೇಸು. ಕೊನೆಯ ಜಾಲಾಟದ ಐದು ಲೀಟರ್ ತಣ್ಣೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನಿಗರ್ ಸೇರಿಸಬಹುದು. ಜರಿ ಇರುವ ಸೀರೆಯನ್ನು ಡ್ರೈಕ್ಲೀನ್‌ಗೇ ಕೊಡುವುದು ಕ್ಷೇಮ.

ಒಗೆದಾದ ಮೇಲೆ ಒಣಗುವಾಗಲೂ ಚಿತ್ತಾರ ಕೆಡಬಹುದು. ಹಿಂಡಿ ಮುದ್ದೆ ಮಾಡಿ ಬಕೆಟ್ಟಿನಲ್ಲಿ ಬಿಟ್ಟರೆ ಕೆಂಪು ನೆಲ ಬಿಳಿ ಚುಕ್ಕಿಯ ಮೇಲೆ ಒತ್ತಿ ಕೂರುತ್ತದೆ. ತಂತಿಯ ಮೇಲೆ ಇಬ್ಬದಿಗೆ ಇಳಿಬಿಟ್ಟರೆ ನೀರು ಕೆಳಗಿಳಿಯುತ್ತ ಬಣ್ಣವನ್ನೂ ಜೊತೆಗೆ ಒಯ್ದು, ಕೆಳಗಿನ ಅಂಚಿನಲ್ಲಿ ಗೆರೆ ಮೂಡಿಸುತ್ತದೆ. ಹಳೆಯ ಟವೆಲ್ಲಿನ ಮೇಲೆ ಹಾಸಿ, ಇನ್ನೊಂದನ್ನು ಮೇಲೆ ಹೊದಿಸಿ ಸುರುಳಿ ಸುತ್ತಿ ಒತ್ತಿದರೆ ಹೆಚ್ಚಿನ ನೀರು ಹೋಗುತ್ತದೆ. ಆಮೇಲೆ ನೆರಳಿನಲ್ಲಿ, ಗಾಳಿಗೆ, ಒಂದೇ ಪದರವಾಗಿ ಹರಡಬೇಕು. ಬಾಂಧನಿಯ ಸಣ್ಣ ಗುಬುಟುಗಳು ಉಳಿಯಬೇಕೆಂದರೆ ಇಸ್ತ್ರಿ ಬೇಡ. ಬಾಟಿಕ್‌ನಲ್ಲಿ ಮುಟ್ಟಿದರೆ ಗಡುಸಾದ, ಬೆಳಕಿಗೆ ಹಿಡಿದರೆ ಎಣ್ಣೆಯ ಕಲೆಯಂತೆ ಕಾಣುವ ಜಾಗಗಳಿದ್ದರೆ ಅದು ಉಳಿದ ಮೇಣ. ಅದರ ಮೇಲೂ ಕೆಳಗೂ ಅಚ್ಚಿಲ್ಲದ ಹೀರುಕಾಗದ ಇಟ್ಟು ಇಸ್ತ್ರಿ ಮಾಡಿದರೆ ಕಾಗದ ಮೇಣವನ್ನು ಹೀರಿಕೊಳ್ಳುತ್ತದೆ.

ಇಷ್ಟಾದರೂ ಹತ್ತಿ ಬಟ್ಟೆಯ ಚುಕ್ಕಿಗೆ ಬಣ್ಣ ಹತ್ತಿದ್ದು ಕಂಡರೆ ಒಣಗಲು ಬಿಡಬಾರದು. ಒದ್ದೆಯಾಗಿರುವಾಗಲೇ ಹೇರಳ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಉಳಿಕೆ ಬಣ್ಣದ್ದಾಗಿದ್ದರೆ ಬಿಸಿ ಸೋಪುನೀರಿಗೆ ಇನ್ನೊಮ್ಮೆ ಹಾಕಿದರೆ ಕಲೆ ಬಹುಪಾಲು ಇಳಿಯುತ್ತದೆ. ಒಣಗಿ ಇಸ್ತ್ರಿಯಾದ ಮೇಲೆ ಅದೇ ಕಲೆಯನ್ನು ತೆಗೆಯುವುದು ಕಷ್ಟ. ಬ್ಲೀಚಿಂಗ್ ದ್ರಾವಣ ಬಿಳಿ ಚುಕ್ಕಿಯನ್ನು ಸರಿಪಡಿಸುವ ಮೊದಲೇ ಸುತ್ತಲ ಕೆಂಪನ್ನು ತಿಂದುಹಾಕಬಹುದು, ರೇಷ್ಮೆಯಾದರೆ ನೂಲನ್ನೇ ಸುಡುತ್ತದೆ.