ಹದಿನಾಲ್ಕು ಪುಟ ಒಂದಾಗುವಾಗ

ಜಿಲ್ಲಾ ಹಾಲು ಒಕ್ಕೂಟವೊಂದರ ಆಡಳಿತ ಮಂಡಳಿ ಸಭೆಯನ್ನು ಕಲ್ಪಿಸಿಕೊಳ್ಳಿ. ಅಜೆಂಡಾದಲ್ಲಿ ಇಪ್ಪತ್ತೆರಡು ವಿಷಯಗಳಿವೆ. ಹನ್ನೊಂದನೆಯದು, ಒಕ್ಕೂಟ ಸ್ವಂತ ಹಾಲಿನ ಪುಡಿ ಘಟಕ ಕಟ್ಟಬೇಕೇ ಎಂಬುದು. ಸಲಹಾ ಸಂಸ್ಥೆ ಕೊಟ್ಟ ವರದಿ 180 ಪುಟ, ಅದರ ಸಾರಾಂಶವೇ 14 ಪುಟ. ಬೆಳಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹಿಡಿದು ಬಂದ ನಿರ್ದೇಶಕರು ಈ ಹದಿನಾಲ್ಕು ಪುಟಗಳನ್ನು ಓದಿರುವುದಿಲ್ಲ. ಅವರನ್ನು ದೂರಿ ಪ್ರಯೋಜನವೂ ಇಲ್ಲ. ಹಾಗಾಗಿ ಕಚೇರಿಯ ಅಧಿಕಾರಿಯೊಬ್ಬರಿಗೆ ಮಾತು ಬರುತ್ತದೆ: ‘ಒಂದು ಪುಟದಲ್ಲಿ ಮಾಡಿ ಕೊಡ್ರೀ.’

ಒಕ್ಕೂಟವೂ ಅದರ ಅಂಕಿಗಳೂ ವಿವರಣೆಗೆ ಕಟ್ಟಿಕೊಂಡವು. ಆದರೆ ಮುಂದೆ ಹೇಳುವ ತಪ್ಪು ಎಲ್ಲ ಬಗೆಯ ಮಂಡಳಿಗಳಲ್ಲೂ ನಡೆಯುವಂಥದ್ದು.

ಸಾರಾಂಶದ ಆರನೇ ಪುಟದಲ್ಲಿ ಮೂರನೇ ಶಿಫಾರಸು ಹೀಗಿದೆ ಎಂದುಕೊಳ್ಳೋಣ: ‘ಒಕ್ಕೂಟವು ದಿನಕ್ಕೆ 30 ಟನ್ ಸಾಮರ್ಥ್ಯದ ಪುಡಿ ಘಟಕದ ಸ್ಥಾಪನೆಯನ್ನು ಪರಿಗಣಿಸುವುದು ಸೂಕ್ತ. ವೆಚ್ಚ ₹110ರಿಂದ ₹130 ಕೋಟಿ. ವರ್ಷಕ್ಕೆ ಕನಿಷ್ಠ 240 ದಿನ ಹೆಚ್ಚುವರಿ ಹಾಲು ದೊರೆತು, ಪುಡಿಯ ಮಾರಾಟ ಬೆಲೆ ಕಿಲೋಗೆ ₹220ಕ್ಕಿಂತ ಕೆಳಗಿಳಿಯದಿದ್ದರೆ, ಹೂಡಿದ ಹಣ ಏಳರಿಂದ ಒಂಬತ್ತು ವರ್ಷಗಳಲ್ಲಿ ವಾಪಸಾಗುವ ನಿರೀಕ್ಷೆಯಿದೆ.’

ಅವಸರದಲ್ಲಿ ಇದನ್ನು ಕುಗ್ಗಿಸಿದರೆ ಸಿಗುವುದು ಇಷ್ಟು: ‘30 ಟನ್ ಪುಡಿ ಘಟಕ ಸ್ಥಾಪಿಸಲು ಶಿಫಾರಸು. ವೆಚ್ಚ ₹120 ಕೋಟಿ. ಎಂಟು ವರ್ಷಗಳಲ್ಲಿ ಬಂಡವಾಳ ವಾಪಸ್.’

ಓದಲು ಚೊಕ್ಕವಾಗಿದೆ. ಕಟ್ಟುಕಥೆಯೂ ಅಲ್ಲ. ಆದರೂ ಮೂರು ಕಡೆ ಅರ್ಥ ಜಾರಿದೆ. ‘ಪರಿಗಣಿಸುವುದು ಸೂಕ್ತ’ ಎಂದವರ ಬಾಯಲ್ಲಿ ‘ಸ್ಥಾಪಿಸಿ’ ಎನ್ನಿಸಲಾಗಿದೆ. ವೆಚ್ಚಕ್ಕೂ ಅವಧಿಗೂ ಇದ್ದ ಹರವನ್ನು ಅಳಿಸಿ, ನಡುವಿನ ಅಂಕಿಯನ್ನೇ ಖಚಿತವೆಂಬಂತೆ ಕೂರಿಸಲಾಗಿದೆ. ಎಲ್ಲಕ್ಕಿಂತ ದೊಡ್ಡದಾಗಿ, ಎರಡು ಷರತ್ತುಗಳು ಕಾಣೆಯಾಗಿವೆ.

ಆ ಷರತ್ತುಗಳ ತೂಕ ಎಷ್ಟು ಎಂಬುದು ತಿಳಿಯಬೇಕಾದರೆ ಹಾಲಿನ ಲೆಕ್ಕ ನೋಡಬೇಕು. ನೂರು ಲೀಟರ್ ಕೆನೆ ತೆಗೆದ ಹಾಲಿನಿಂದ ಸಿಗುವ ಪುಡಿ ಹೆಚ್ಚುಕಡಿಮೆ ಒಂಬತ್ತು ಕಿಲೋ. ದಿನಕ್ಕೆ 30 ಟನ್ ಪುಡಿ ಬೇಕೆಂದರೆ ಮೂರೂಕಾಲು ಲಕ್ಷ ಲೀಟರಿಗೂ ಮಿಕ್ಕಿ ಹಾಲು ಬೇಕು, ಅದೂ ಮನೆಮನೆಗೆ ಪ್ಯಾಕೆಟ್ ಹೋದ ಮೇಲೆ ಉಳಿದ ಹಾಲು. ಮಳೆ ಬಿದ್ದು ಹಸಿರು ಮೇವು ಸಿಕ್ಕ ತಿಂಗಳುಗಳಲ್ಲಿ ಅದು ಉಳಿದೀತು. ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಘಟಕ ನಿಲ್ಲುತ್ತದೆ, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. 240 ದಿನ ಎಂಬ ಅಂಕಿಯ ಮೇಲೆಯೇ ಇಡೀ ಶಿಫಾರಸು ನಿಂತಿದೆ.

ಇನ್ನೊಂದು ತೊಡಕು ಸಾರಾಂಶದಲ್ಲೇ ಇರುವುದಿಲ್ಲ. 131ನೇ ಪುಟದ ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ, ಈ 240 ದಿನದ ಅಂದಾಜು ಒಂದೇ ವರ್ಷದ ಸಂಗ್ರಹಣೆಯನ್ನು ಆಧರಿಸಿದೆ, ಆ ವರ್ಷ ಮಳೆ ಚೆನ್ನಾಗಿತ್ತು ಎಂದು ಬರೆದಿರುತ್ತದೆ. ಹೀಗಾಗಿ ಹದಿನಾಲ್ಕು ಪುಟವನ್ನಷ್ಟೇ ಓದಿ ಒಂದು ಪುಟ ಮಾಡಲು ಹೊರಡಬಾರದು. ಸಾರಾಂಶವೂ ಯಾರೋ ಕುಗ್ಗಿಸಿದ್ದೇ, ಅಲ್ಲಿಯೂ ಏನೋ ಬಿಟ್ಟುಹೋಗಿರುತ್ತದೆ. 180 ಪುಟ ಓದುವಷ್ಟು ಸಮಯ ಇಲ್ಲದಿದ್ದರೆ ಮೂರು ಕಡೆಯಾದರೂ ಕಣ್ಣಾಡಿಸಬೇಕು: ಊಹೆಗಳನ್ನು ಪಟ್ಟಿ ಮಾಡಿದ ಅನುಬಂಧ, ಅಧ್ಯಯನದ ವ್ಯಾಪ್ತಿ ಮತ್ತು ಮಿತಿಗಳ ಅಧ್ಯಾಯ, ಹಣಕಾಸಿನ ಕೋಷ್ಟಕಗಳ ಅಡಿಟಿಪ್ಪಣಿಗಳು.

ಓದುತ್ತ ಹೋದಂತೆ ಎರಡು ಬಣ್ಣದ ಪೆನ್ನು ಹಿಡಿದು, ಶಿಫಾರಸುಗಳಿಗೆ ಒಂದು ಬಣ್ಣ, ಷರತ್ತು-ಸಂದೇಹಗಳಿಗೆ ಇನ್ನೊಂದು ಬಣ್ಣ ಹಾಕುವುದು ಹಳೆಯ ಪದ್ಧತಿ, ಈಗಲೂ ಕೆಲಸಕ್ಕೆ ಬರುತ್ತದೆ. ಆಮೇಲೆ ಪ್ರತಿ ಷರತ್ತಿನ ಪಕ್ಕ ಅದು ಯಾವ ಶಿಫಾರಸಿಗೆ ಸೇರಿದ್ದು ಎಂದು ಸಂಖ್ಯೆ ಬರೆಯಬೇಕು. ಯಾವುದಕ್ಕೂ ಸೇರದವು ಕೆಲವು ಉಳಿಯುತ್ತವೆ: ‘ಈ ವರದಿ ಗ್ರಾಹಕರ ಉಪಯೋಗಕ್ಕೆ ಮಾತ್ರ’, ‘ಒದಗಿಸಿದ ಮಾಹಿತಿಯನ್ನು ನಾವು ಸ್ವತಂತ್ರವಾಗಿ ಪರಿಶೀಲಿಸಿಲ್ಲ’ ಇತ್ಯಾದಿ. ಮೊದಲನೆಯದು ಸಲಹೆಗಾರರು ತಮ್ಮ ರಕ್ಷಣೆಗೆ ಬರೆದುಕೊಂಡದ್ದು, ಬಿಡಬಹುದು. ಎರಡನೆಯದನ್ನು ಬಿಡುವಂತಿಲ್ಲ. ಸಂಗ್ರಹಣೆಯ ಅಂಕಿಗಳನ್ನು ಒಕ್ಕೂಟವೇ ಕೊಟ್ಟಿದ್ದರೆ, ಮಂಡಳಿ ಓದುತ್ತಿರುವುದು ತನ್ನದೇ ಅಂಕಿಗಳ ಪ್ರತಿಧ್ವನಿ. ಯಾವುದನ್ನು ಉಳಿಸಬೇಕು ಎಂಬುದಕ್ಕೆ ನಾನು ಇಟ್ಟುಕೊಳ್ಳುವ ಪರೀಕ್ಷೆ ಒಂದೇ: ಈ ಮಾತು ಸುಳ್ಳಾದರೆ ನಿರ್ದೇಶಕರ ತೀರ್ಮಾನ ಬದಲಾದೀತೇ? ಆಗುವುದಾದರೆ ಅದು ಪುಟದಲ್ಲಿರಲೇಬೇಕು.

ಜಾಗವಾಗಬೇಕಾದರೆ ಕತ್ತರಿ ಬೇರೆಡೆ ಆಡಲಿ. ಒಕ್ಕೂಟದ ಇತಿಹಾಸ, ಅಧ್ಯಯನದ ವಿಧಾನ, ಭೇಟಿಯಾದವರ ಹೆಸರು, ಹೈನುಗಾರಿಕೆಯ ಮಹತ್ವ ಎಲ್ಲವೂ ಹೋಗಬಹುದು. ಹೈನುಗಾರಿಕೆಯ ಮಹತ್ವವನ್ನು ಈ ನಿರ್ದೇಶಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಷರತ್ತು ಉಳಿದರಷ್ಟೇ ಸಾಲದು, ಎಲ್ಲಿ ಉಳಿಯಿತು ಎಂಬುದೂ ಮುಖ್ಯ. 2003ರ ಜನವರಿಯಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ರೆಕ್ಕೆಗೆ ಬಡಿಯಿತು. ಹಾನಿ ಎಷ್ಟಾಗಿರಬಹುದೆಂದು ಬೋಯಿಂಗ್ ಎಂಜಿನಿಯರುಗಳು ನಾಸಾಕ್ಕೆ ಸ್ಲೈಡುಗಳ ಮೂಲಕ ವಿವರಿಸಿದರು. ಅವುಗಳಲ್ಲಿ ಒಂದರ ತಲೆಬರಹ ಧೈರ್ಯ ಕೊಡುವಂತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದಕ್ಕಿಂತ ಈ ತುಂಡು ನೂರಾರು ಪಟ್ಟು ದೊಡ್ಡದು, ಆದ್ದರಿಂದ ಆ ಪರೀಕ್ಷೆಗಳ ವ್ಯಾಪ್ತಿಯನ್ನು ಇದು ಮೀರಿದೆ ಎಂಬ ಸಂಗತಿ ಸ್ಲೈಡಿನ ತೀರ ಕೆಳಗಿನ ಸಾಲುಗಳಲ್ಲಿತ್ತು. ಫೆಬ್ರುವರಿ 1ರಂದು ಹಿಂದಿರುಗುವಾಗ ನೌಕೆ ಛಿದ್ರವಾಗಿ ಏಳು ಮಂದಿಯೂ ತೀರಿಕೊಂಡರು. ಆ ಸ್ಲೈಡೊಂದೇ ಕಾರಣವಲ್ಲ. ಆದರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಅದನ್ನು ಬಿಡಿಸಿ ತೋರಿಸಿತು, ಮೇಲಿನ ಅಧಿಕಾರಿ ಅದನ್ನು ಓದಿಯೂ ಅಪಾಯ ಗ್ರಹಿಸದೆ ಹೋಗಬಹುದಿತ್ತು ಎಂದಿತು. ಎಚ್ಚರಿಕೆ ಬರೆದಿತ್ತು, ತಲುಪಲಿಲ್ಲ.

ಆದ್ದರಿಂದ ಪುಟದ ಕೊನೆಗೆ ‘ಮಿತಿಗಳು’ ಎಂಬ ಶೀರ್ಷಿಕೆ ಹಾಕಿ ಎಲ್ಲ ಷರತ್ತುಗಳನ್ನು ಅಲ್ಲಿ ಗುಡ್ಡೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಷರತ್ತು ಶಿಫಾರಸಿನ ಜೊತೆಗೇ, ಸಾಧ್ಯವಾದರೆ ಅದಕ್ಕಿಂತ ಮೊದಲೇ ಬರಬೇಕು. ಕನ್ನಡ ವಾಕ್ಯದಲ್ಲಿ ಅದು ಸಲೀಸು:

‘ಶಿಫಾರಸು 3: ಹೆಚ್ಚುವರಿ ಹಾಲು ವರ್ಷಕ್ಕೆ 240 ದಿನವಾದರೂ ಸಿಗುವುದಾದರೆ ಮತ್ತು ಪುಡಿಯ ಬೆಲೆ ಕಿಲೋಗೆ ₹220ಕ್ಕಿಂತ ಇಳಿಯದಿದ್ದರೆ, ದಿನಕ್ಕೆ 30 ಟನ್ ಘಟಕವನ್ನು ಪರಿಗಣಿಸಬಹುದು. ವೆಚ್ಚ ₹110–130 ಕೋಟಿ, ಹಣ ವಾಪಸಾತಿ 7–9 ವರ್ಷ. 240 ದಿನದ ಅಂದಾಜು ಒಳ್ಳೆಯ ಮಳೆಯ ಒಂದೇ ವರ್ಷದ್ದು. ಸಂಗ್ರಹಣೆಯ ಅಂಕಿಗಳು ಒಕ್ಕೂಟವೇ ಕೊಟ್ಟವು (ಪುಟ 6, 131).’

ಅವಸರದ ರೂಪಕ್ಕಿಂತ ಇದು ಉದ್ದ, ಆದರೆ ಪುಟದ ಕಾಲು ಭಾಗವೂ ಆಗುವುದಿಲ್ಲ. ಶಿಫಾರಸಿನ ಮೂಲ ಸಂಖ್ಯೆಯನ್ನು ಹಾಗೆಯೇ ಬಿಟ್ಟಿರುವುದು ಸಭೆಯಲ್ಲಿ ಯಾರಾದರೂ ಮೂಲ ವರದಿ ತೆರೆದರೆ ಹುಡುಕಾಡಬಾರದೆಂದು. ಇಂಥ ಶಿಫಾರಸುಗಳು ಎಂಟೋ ಹತ್ತೋ ಇದ್ದು ಒಂದು ಪುಟಕ್ಕೆ ಹಿಡಿಸದಿದ್ದರೆ ಎರಡು ಪುಟವಾಗಲಿ. ಹಿಡಿಸುವುದಕ್ಕೆಂದು ಎರಡು ಶಿಫಾರಸುಗಳನ್ನು ಬೆಸೆದರೆ, ಒಂದರ ಷರತ್ತು ಇನ್ನೊಂದಕ್ಕೂ ಅಂಟಿಕೊಳ್ಳುತ್ತದೆ, ಇಲ್ಲವೇ ಎರಡಕ್ಕೂ ತಪ್ಪಿಹೋಗುತ್ತದೆ.

ಕರಡು ಸಿದ್ಧವಾದ ಮೇಲೆ ವರದಿಯನ್ನು ನೋಡಿರದ ಸಹೋದ್ಯೋಗಿಯೊಬ್ಬರಿಗೆ ಕೊಟ್ಟು, ‘ಇದನ್ನೋದಿ ನೀವು ಹೂಂ ಅನ್ನುತ್ತೀರಾ, ಯಾವ ಪ್ರಶ್ನೆ ಕೇಳುತ್ತೀರಾ?’ ಎಂದು ಕೇಳಬೇಕು. ‘ಈ ವರ್ಷ ಮಳೆ ಕೈಕೊಟ್ಟರೆ?’ ಎಂಬ ಪ್ರಶ್ನೆ ಅವರಿಂದ ಬಂದರೆ ಷರತ್ತು ದಾಟಿದೆ. ಬರೀ ‘ಯಾವಾಗ ಶುರು?’ ಎಂದರೆ ದಾಟಿಲ್ಲ. ಸಲಹಾ ಸಂಸ್ಥೆಗೂ ಒಂದು ಪ್ರತಿ ಕಳಿಸಿ, ತಮ್ಮ ಮಾತಿನ ಬಿಗುವು ಹೆಚ್ಚುಕಡಿಮೆ ಆಗಿದೆಯೇ ಎಂದು ಬರಹದಲ್ಲೇ ಉತ್ತರ ಪಡೆಯುವುದು ಒಳ್ಳೆಯದು.

ಇಷ್ಟಾದರೂ ಒಂದು ಒತ್ತಡ ಬಂದೇ ಬರುತ್ತದೆ. ಘಟಕ ಆಗಲೇಬೇಕೆಂದು ಮನಸ್ಸು ಮಾಡಿದ ಹಿರಿಯರೊಬ್ಬರು ಕರಡು ನೋಡಿ, ‘ಆ ಮಳೆಯ ಸಾಲು ತೆಗೀರಿ, ಸುಮ್ಮನೆ ಗೊಂದಲ ಆಗುತ್ತೆ’ ಎನ್ನುತ್ತಾರೆ. ಅಧಿಕಾರಿ ವಾದಕ್ಕಿಳಿಯಬೇಕಾಗಿಲ್ಲ. ಸಾಲಿನ ಪಕ್ಕದ ಪುಟಸಂಖ್ಯೆ ತೋರಿಸಿ, ‘ಇದು ನನ್ನ ಮಾತಲ್ಲ ಸಾರ್, ವರದಿಯದು. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಕೆಳಗೆ ಕಚೇರಿಯ ಟಿಪ್ಪಣಿ ಅಂತಲೇ ಸೇರಿಸೋಣ’ ಎಂದರೆ ಸಾಕು. ಸಲಹೆಗಾರರ ಮಾತೂ ಕಚೇರಿಯ ಮಾತೂ ಬೇರೆಬೇರೆಯಾಗಿ ಕಂಡರೆ ನಿರ್ದೇಶಕರು ಎರಡನ್ನೂ ತೂಗಿ ನೋಡುತ್ತಾರೆ.

ಮಂಡಳಿ ಒಪ್ಪಿದರೆ ಆ ಪುಟದ ವಾಕ್ಯವೇ ನಡಾವಳಿಗೆ ಹೋಗುತ್ತದೆ. ‘ಘಟಕ ಸ್ಥಾಪಿಸಲು ತೀರ್ಮಾನಿಸಲಾಯಿತು’ ಎಂದು ಬರೆದರೆ ಟೆಂಡರ್ ಕರೆಯಬಹುದು. ‘ಕಳೆದ ಐದು ವರ್ಷಗಳ ಸಂಗ್ರಹಣೆಯ ಅಂಕಿಗಳಿಂದ 240 ದಿನದ ಅಂದಾಜನ್ನು ಪರಿಶೀಲಿಸಿ ಮುಂದಿನ ಸಭೆಗೆ ಮಂಡಿಸುವುದು, ಆನಂತರ ಟೆಂಡರ್’ ಎಂದು ಬರೆದರೆ, ಟೆಂಡರ್ ಕರೆಯುವ ಮುನ್ನ ಸಂಗ್ರಹಣಾ ವಿಭಾಗದವರು ಹಳೆಯ ರಿಜಿಸ್ಟರುಗಳನ್ನು ತೆಗೆಯಲೇಬೇಕಾಗುತ್ತದೆ.