ನಡವಳಿಯಲ್ಲಿ ಮೂರು ಸಭೆ, ನಡೆದದ್ದು ನಾಲ್ಕು

ನಮ್ಮ ಸಹಕಾರ ಸಂಘದ ನಡವಳಿ ಪುಸ್ತಕ ತೆರೆದರೆ ವಿಷಯ ಒಂದು, ವಿಷಯ ಎರಡು ಎಂದು ಸಾಲಾಗಿ ಸಿಗುತ್ತದೆ. ಪ್ರತಿಯೊಂದರ ಕೆಳಗೂ ‘ಚರ್ಚಿಸಿ ತೀರ್ಮಾನಿಸಲಾಯಿತು’ ಎಂಬ ಒಕ್ಕಣೆ ಇರುತ್ತದೆ. ಯಾವ ಮಾತು ಎಷ್ಟು ಗಂಟೆಗೆ ಬಂತು ಎಂಬುದು ಅಲ್ಲಿ ಮುಖ್ಯವಲ್ಲ. ಆದರೆ ತುರ್ತು ಸಭೆಗೆ ಮೊದಲೇ ಗೊತ್ತಾದ ಕಾರ್ಯಸೂಚಿ ಇರುವುದಿಲ್ಲ. ಮಾತಿನ ನಡುವೆಯೇ ಹೊಸ ಸುದ್ದಿ ಬಂದು, ಸ್ವಲ್ಪ ಹೊತ್ತಿಗೆ ಮುಂಚೆ ಸರಿ ಎನಿಸಿದ ತೀರ್ಮಾನ ತಪ್ಪಾಗಿ ಕಾಣಬಹುದು. ಹಾಗಾಗಿ ಅಲ್ಲಿ ಗಳಿಗೆ ಮತ್ತು ಅನುಕ್ರಮ ತಪ್ಪಿದರೆ ದಾಖಲೆಗೆ ಅರ್ಥವೇ ಉಳಿಯುವುದಿಲ್ಲ. ಇದನ್ನು ತಿಳಿಯಲು 1962ರ ಅಕ್ಟೋಬರ್ 27ರ ಶನಿವಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಿಮಾಲಯದ ಗಡಿಯಲ್ಲಿ ಭಾರತ ಮತ್ತು ಚೀನಾ ನಡುವೆ ಯುದ್ಧ ಶುರುವಾಗಿ ಆಗ ಒಂದು ವಾರವಾಗಿತ್ತು. ಅದೇ ಹೊತ್ತಿಗೆ ವಾಷಿಂಗ್ಟನ್ನಿನ ಶ್ವೇತಭವನ ಅಣುಯುದ್ಧದ ಅಂಚಿನಲ್ಲಿತ್ತು. ಸೋವಿಯತ್ ಒಕ್ಕೂಟ ಕ್ಯೂಬಾಕ್ಕೆ ಗುಟ್ಟಾಗಿ ಕ್ಷಿಪಣಿ ಸಾಗಿಸಿದ್ದನ್ನು ಅಮೆರಿಕದ ಬೇಹು ವಿಮಾನಗಳು ಪತ್ತೆ ಮಾಡಿದ್ದವು. ಅಧ್ಯಕ್ಷ ಜಾನ್ ಕೆನಡಿ ಆಪ್ತ ಸಲಹೆಗಾರರ ಒಂದು ಸಮಿತಿ ಮಾಡಿಕೊಂಡಿದ್ದರು. ಅದನ್ನು ‘ಎಕ್ಸ್‌ಕಾಮ್’ ಎಂದು ಕರೆಯುತ್ತಿದ್ದರು. ಆ ಶನಿವಾರ ಈ ಸಮಿತಿ ಬೆಳಿಗ್ಗೆ 10ಕ್ಕೆ, ಸಂಜೆ 4ಕ್ಕೆ ಮತ್ತು ರಾತ್ರಿ 9ಕ್ಕೆ ಸೇರಿತು. ರಾಷ್ಟ್ರೀಯ ಭದ್ರತಾ ಮಂಡಳಿಯ ಕಾರ್ಯದರ್ಶಿ ಬ್ರಾಮ್ಲಿ ಸ್ಮಿತ್ ಬರೆದ ನಡವಳಿಗಳ ತಲೆಯಲ್ಲಿ ತಾರೀಖು ಮತ್ತು ಗಂಟೆ ಎರಡೂ ಇವೆ.

ಹಿಂದಿನ ಸಂಜೆ ಸೋವಿಯತ್ ನಾಯಕ ಕ್ರುಶ್ಚೇವ್ ಒಂದು ದೀರ್ಘ ಖಾಸಗಿ ಪತ್ರ ಕಳಿಸಿದ್ದರು. ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ ಎಂದು ಅಮೆರಿಕ ಮಾತು ಕೊಟ್ಟರೆ ಕ್ಷಿಪಣಿಗಳ ತಂಟೆ ಮುಗಿಯಬಹುದು ಎಂಬುದು ಅದರ ತಿರುಳು. ಬೆಳಗಿನ ಸಭೆ ನಡೆಯುತ್ತಿದ್ದಾಗಲೇ ಸುದ್ದಿಸಂಸ್ಥೆಯ ತುಣುಕೊಂದು ಕೈಗೆ ಬಂತು. ಕೆನಡಿ ಅದನ್ನು ಗಟ್ಟಿಯಾಗಿ ಓದಿದರು. ಟರ್ಕಿಯಲ್ಲಿರುವ ಅಮೆರಿಕದ ಕ್ಷಿಪಣಿಗಳನ್ನು ತೆಗೆದರೆ ತಾವೂ ತೆಗೆಯುವುದಾಗಿ ಕ್ರುಶ್ಚೇವ್ ಹೇಳಿದ್ದಾರೆ ಎಂದಿತ್ತು ಅದರಲ್ಲಿ. ನಿನ್ನೆಯ ಪತ್ರದಲ್ಲಿ ಟರ್ಕಿಯ ಮಾತೇ ಇರಲಿಲ್ಲವಲ್ಲ ಎಂದು ಅಲ್ಲಿದ್ದವರಿಗೆ ಗೊಂದಲ. ವರದಿಗಾರರು ತಪ್ಪು ಬರೆದಿರಬೇಕು ಎಂದೇ ಮೊದಲು ಅಂದುಕೊಂಡರು. ಅದು ಹೊಸ ಪತ್ರ, ಮಾಸ್ಕೋ ರೇಡಿಯೋದಲ್ಲೇ ಬಿತ್ತರವಾಗಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಈ ಹೊತ್ತಿನ ಅಂತರವನ್ನು ಬಿಟ್ಟು ಓದಿದರೆ, ಕಣ್ಣೆದುರಿನ ಬೇಡಿಕೆಯೂ ಇವರಿಗೆ ಅರ್ಥವಾಗಲಿಲ್ಲವೇ ಎಂದು ಅನಿಸಿಬಿಡುತ್ತದೆ. ನಿಜದಲ್ಲಿ ಸಭೆ ಶುರುವಾದಾಗ ಅವರ ಮುಂದೆ ಇದ್ದದ್ದು ಒಂದೇ ಪತ್ರ.

ಸಂಜೆಯ ಸಭೆ ಮೂರೂವರೆ ಗಂಟೆಗೂ ಮೀರಿ ನಡೆಯಿತು. ಟರ್ಕಿಯ ವಿಷಯದ ವಾದ ನಡೆಯುತ್ತಿದ್ದಾಗಲೇ ಅದಕ್ಕಿಂತ ದೊಡ್ಡ ಸುದ್ದಿ ಬಂತು. ಕ್ಯೂಬಾದ ಮೇಲೆ ಹಾರಿದ್ದ ಯು-2 ಬೇಹು ವಿಮಾನವನ್ನು ಕ್ಷಿಪಣಿಯಿಂದ ಹೊಡೆದುರುಳಿಸಲಾಗಿತ್ತು. ಪೈಲಟ್ ಮೇಜರ್ ರುಡಾಲ್ಫ್ ಆಂಡರ್ಸನ್ ಸತ್ತಿದ್ದರು. ವಿಮಾನ ಬಿದ್ದದ್ದು ಬೆಳಿಗ್ಗೆಯೇ ಆದರೂ ಸಭೆಗೆ ಖಚಿತವಾದದ್ದು ಸಂಜೆಗೆ.

ಇಲ್ಲಿ ನಾಲ್ಕು ದಿನ ಹಿಂದಿನ ನಡವಳಿಯನ್ನು ಜೊತೆಗಿಟ್ಟು ನೋಡಬೇಕು. ಯು-2 ವಿಮಾನವನ್ನು ಹೊಡೆದರೆ, ಹೊಡೆದ ಕ್ಷಿಪಣಿ ನೆಲೆಯ ಮೇಲೆ ಮರುದಾಳಿ ಮಾಡುವ ಯೋಜನೆಗೆ 23ರ ಸಭೆಯಲ್ಲಿ ಒಪ್ಪಿಗೆಯಾಗಿತ್ತು. ಆ ಕಾಗದದ ಪ್ರಕಾರ ನಡೆದಿದ್ದರೆ ಶನಿವಾರವೇ ಬಾಂಬು ಬೀಳಬೇಕಿತ್ತು. ಆದರೆ ಕೆನಡಿ ತಡೆದರು. ಮರುದಿನವೂ ವಿಮಾನಗಳನ್ನು ಕಳಿಸೋಣ, ಅವುಗಳ ಮೇಲೂ ಗುಂಡು ಹಾರಿದರೆ ಆಮೇಲೆ ನೋಡೋಣ ಎಂಬ ನಿಲುವಿಗೆ ಸಭೆ ಬಂತು. ಬಿಕ್ಕಟ್ಟಿನ ನಡವಳಿ ಓದುವವರು ಹುಡುಕಬೇಕಾದದ್ದು ಇಂಥ ಜಾಗವನ್ನೇ. ಸದಸ್ಯರು ಎಷ್ಟೋ ಸಲ ಹಳೆಯ ತೀರ್ಮಾನವನ್ನು ‘ರದ್ದು ಮಾಡಿದೆವು’ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟಾಗಷ್ಟೇ ಅದು ತಿಳಿಯುತ್ತದೆ.

ಇಷ್ಟು ಖಚಿತವಾಗಿ ಇದನ್ನೆಲ್ಲ ಹೇಳಲು ಸಾಧ್ಯವಾದದ್ದಕ್ಕೆ ಬೇರೊಂದು ಕಾರಣವೂ ಇದೆ. ಕೆನಡಿ ಆ ವರ್ಷದ ಬೇಸಿಗೆಯಲ್ಲಿ ಸಭಾ ಕೊಠಡಿಯಲ್ಲಿ ಗುಟ್ಟಾಗಿ ಮೈಕು ಕೂರಿಸಿದ್ದರು. ರೆಕಾರ್ಡಿಂಗ್ ಯಂತ್ರ ನೆಲಮಾಳಿಗೆಯಲ್ಲಿತ್ತು. ಮೇಜಿನ ಸುತ್ತ ಕುಳಿತ ಹೆಚ್ಚಿನವರಿಗೆ ಇದರ ಸುಳಿವೂ ಇರಲಿಲ್ಲ. ಟೇಪುಗಳಿವೆ ಎಂದು ಜನರಿಗೆ ಗೊತ್ತಾದದ್ದು 1973ರಲ್ಲಿ, ಅವುಗಳ ಲಿಖಿತ ರೂಪ ಪುಸ್ತಕವಾಗಿ ಬಂದದ್ದು 1997ರಲ್ಲಿ. ಸ್ಮಿತ್ ಅವರ ನಡವಳಿ ಕೆಲವೇ ಪುಟ. ಟೇಪಿನಲ್ಲಿ ಗಂಟೆಗಟ್ಟಲೆ ಮಾತು, ಅರ್ಧಕ್ಕೆ ನಿಂತ ವಾಕ್ಯ, ಎದ್ದು ಹೋಗಿ ಬರುವವರ ಸದ್ದು. ಎರಡನೆಯ ಪತ್ರವನ್ನು ಬದಿಗಿಟ್ಟು ಮೊದಲನೆಯದಕ್ಕೆ ಉತ್ತರಿಸುವ ಉಪಾಯ ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯದೇ ಎಂದು ಬಹುಕಾಲ ನಂಬಲಾಗಿತ್ತು. ಬಂಡಿ, ಥಾಂಪ್ಸನ್ ಮೊದಲಾದವರೂ ಅದೇ ದಾರಿಯ ಮಾತಾಡಿದ್ದು ಟೇಪಿನಲ್ಲಿದೆ. ಟರ್ಕಿಯ ವಿನಿಮಯ ಲೋಕದ ಕಣ್ಣಿಗೆ ನ್ಯಾಯವಾಗಿಯೇ ಕಾಣುತ್ತದೆ ಎಂದು ಮತ್ತೆ ಮತ್ತೆ ಹೇಳಿದವರು ಸ್ವತಃ ಅಧ್ಯಕ್ಷರು.

ಆದರೆ ಆ ದಿನದ ಅತಿ ಮುಖ್ಯ ತೀರ್ಮಾನ ನಡವಳಿಯಲ್ಲೂ ಇಲ್ಲ, ಟೇಪಿನಲ್ಲೂ ಇಲ್ಲ. ಸಂಜೆಯ ಸಭೆ ಮುಗಿದ ಮೇಲೆ ಕೆನಡಿ ಕೆಲವರನ್ನು ಮಾತ್ರ ತಮ್ಮ ಕಚೇರಿಗೆ ಕರೆದರು. ಟರ್ಕಿಯ ಕ್ಷಿಪಣಿಗಳನ್ನು ಕೆಲವು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಇದು ಬಹಿರಂಗವಾಗಬಾರದು ಎಂದು ಸೋವಿಯತ್ ರಾಯಭಾರಿ ದೊಬ್ರಿನಿನ್‌ಗೆ ಬಾಯಿಮಾತಿನಲ್ಲಿ ತಿಳಿಸಲು ರಾಬರ್ಟ್ ಕೆನಡಿಯನ್ನು ಕಳಿಸುವುದೆಂದು ಅಲ್ಲಿ ಗೊತ್ತಾಯಿತು. ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಆ ಕೋಣೆಯಲ್ಲಿ ಇರಲಿಲ್ಲ. ರಾತ್ರಿ 9ರ ಸಭೆಯಲ್ಲಿ ಗುಟ್ಟು ಬಲ್ಲವರೂ ಅರಿಯದವರೂ ಒಂದೇ ಮೇಜಿಗೆ ಕುಳಿತು ಟರ್ಕಿಯ ಬಗ್ಗೆ ಚರ್ಚಿಸಿದರು. ವಾಯುಸೇನೆಯ 24 ಮೀಸಲು ದಳಗಳನ್ನು ಕರೆಸುವ ತೀರ್ಮಾನ ಆ ನಡವಳಿಯಲ್ಲಿ ದಾಖಲಾಗಿದೆ. ದೊಬ್ರಿನಿನ್‌ಗೆ ಆಗಷ್ಟೇ ಕೊಟ್ಟುಬಂದ ಮಾತು ದಾಖಲಾಗಿಲ್ಲ.

ಆ ಭೇಟಿಯ ಬಗ್ಗೆ ರಾಬರ್ಟ್ ಕೆನಡಿ ಮೂರು ದಿನದ ಮೇಲೆ ಒಂದು ಟಿಪ್ಪಣಿ ಬರೆಸಿದರು. ಅದರಲ್ಲಿ ನಾಲ್ಕೈದು ತಿಂಗಳ ಗಡುವಿನ ಪ್ರಸ್ತಾಪವಿರುವ ವಾಕ್ಯದ ಮೇಲೆ ಗೆರೆ ಎಳೆದಿದೆ. ಹೊಡೆದುಹಾಕಿದ ಆ ಸಾಲನ್ನು ಇವತ್ತೂ ಓದಬಹುದು. ಬಂಡಿ ಈ ಗುಟ್ಟಿನ ಸಭೆಯ ವಿವರವನ್ನು ತಮ್ಮ ಪುಸ್ತಕದಲ್ಲಿ ಬಿಚ್ಚಿಟ್ಟದ್ದು 1988ರಲ್ಲಿ. ಅಲ್ಲಿಯವರೆಗೆ ಕಾಲು ಶತಮಾನ ಕಾಲ, ಕೆನಡಿ ಒಂದಿಂಚೂ ಬಗ್ಗದೆ ಗೆದ್ದರು ಎಂಬ ಕಥೆಯೇ ಬಹುಮಂದಿಗೆ ಇತಿಹಾಸವಾಗಿತ್ತು. ನಡವಳಿಯೂ ಹಾಗೆಯೇ ಹೇಳುತ್ತಿತ್ತು. ಅದು ಸುಳ್ಳು ಬರೆದಿರಲಿಲ್ಲ, ತನ್ನ ಕೋಣೆಯಲ್ಲಿ ಆಡಿದ್ದನ್ನಷ್ಟೇ ಬರೆದಿತ್ತು.

ಹಾಗಾಗಿ ಯಾವುದೇ ತುರ್ತು ಸಭೆಯ ನಡವಳಿ ಕೈಗೆ ಬಂದಾಗ ಮೂರು ಸಂಗತಿ ನೋಡಬೇಕು. ಸುದ್ದಿ ಘಟಿಸಿದ ಗಳಿಗೆಯೂ ಸಭೆಗೆ ತಲುಪಿದ ಗಳಿಗೆಯೂ ಬೇರೆ ಬೇರೆಯಾಗಿ ಬರೆದಿವೆಯೇ? ಇವತ್ತಿನ ತೀರ್ಮಾನ ಹಿಂದಿನ ಯಾವುದನ್ನು ಸದ್ದಿಲ್ಲದೆ ಬದಿಗೆ ಸರಿಸಿದೆ? ಒಂದು ಸಭೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತಿನಲ್ಲಿ ಯಾರು ಎಲ್ಲಿದ್ದರು? ಆ ಶನಿವಾರದ ಮಟ್ಟಿಗೆ ಉತ್ತರವಿದ್ದದ್ದು ಮೂರನೆಯ ಪ್ರಶ್ನೆಯಲ್ಲಿ. ಮರುದಿನ ಬೆಳಿಗ್ಗೆ ಕ್ರುಶ್ಚೇವ್ ಕ್ಷಿಪಣಿ ಹಿಂತೆಗೆಯುವುದಾಗಿ ರೇಡಿಯೋದಲ್ಲಿ ಸಾರಿದರು. ಟರ್ಕಿಯ ಕ್ಷಿಪಣಿಗಳು 1963ರ ಏಪ್ರಿಲ್ ಹೊತ್ತಿಗೆ ಸದ್ದಿಲ್ಲದೆ ಜಾಗ ಖಾಲಿ ಮಾಡಿದವು.