ಪರಿಚಯವಿಲ್ಲದ ಹಿರಿಯರಿಗೆ ಆರು ವಾಕ್ಯದ ಪತ್ರ

ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಬಂದ ಮೇಲೆ ಸಾವಿರಾರು ಪದವೀಧರರು ಒಂದೇ ಬಗೆಯ ಪತ್ರ ಬರೆಯಲು ಕೂರುತ್ತಾರೆ. ತಾವು ಹೋಗಬೇಕೆಂದಿರುವ ಕ್ಷೇತ್ರದಲ್ಲಿ ಈಗಾಗಲೇ ನೆಲೆ ನಿಂತಿರುವ, ಆದರೆ ತಮಗೆ ಮುಖಪರಿಚಯವೂ ಇಲ್ಲದ ಒಬ್ಬ ಹಿರಿಯರಿಗೆ ಸಲಹೆ ಕೇಳಿ ಬರೆಯುವ ಪತ್ರ ಅದು. ಹೆಚ್ಚಿನವಕ್ಕೆ ಉತ್ತರ ಬರುವುದಿಲ್ಲ. ದೊಡ್ಡವರಿಗೆ ಚಿಕ್ಕವರ ಬಗ್ಗೆ ಅಸಡ್ಡೆ ಎಂದುಕೊಂಡು ಹುಡುಗರು ಸುಮ್ಮನಾಗುತ್ತಾರೆ. ಆದರೆ ಎಷ್ಟೋ ಸಲ ತೊಡಕು ಇರುವುದು ಪತ್ರದಲ್ಲಿಯೇ. ಉತ್ತರ ಕೊಡಬೇಕೆಂದು ಮನಸ್ಸಿದ್ದವರಿಗೂ ಏನೆಂದು ಉತ್ತರಿಸಬೇಕು ಎಂದು ಅದು ಹೇಳಿರುವುದಿಲ್ಲ.

ಒಂದು ಉದಾಹರಣೆ ಪತ್ರವನ್ನೇ ತೆಗೆದುಕೊಳ್ಳೋಣ. ದಾವಣಗೆರೆಯ ಹುಡುಗನೊಬ್ಬ ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದಾನೆ. ಬೆಂಗಳೂರಿನ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಬರೆಯುತ್ತಿದ್ದಾನೆ. ಅವನ ಮೊದಲ ಕರಡು ಹೀಗಿದೆ:

“ಗೌರವಾನ್ವಿತ ಸರ್, ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಈ ವರ್ಷ ಸಿವಿಲ್ ಇಂಜಿನಿಯರಿಂಗ್‌ನಲ್ಲಿ 8.1 ಸಿಜಿಪಿಎ ಪಡೆದು ತೇರ್ಗಡೆಯಾಗಿದ್ದೇನೆ. ಚಿಕ್ಕಂದಿನಿಂದಲೂ ಕಟ್ಟಡಗಳೆಂದರೆ ನನಗೆ ಕುತೂಹಲ. ಆಟೋಕ್ಯಾಡ್, ಸ್ಟಾಡ್ ಪ್ರೊ, ಈಟ್ಯಾಬ್ಸ್ ಕಲಿತಿದ್ದೇನೆ. ನಾನು ಶ್ರಮಜೀವಿ, ಬೇಗ ಕಲಿಯುವವನು. ಈ ಕ್ಷೇತ್ರದಲ್ಲಿ ತಮ್ಮ ಸಾಧನೆ ನನಗೆ ಸ್ಫೂರ್ತಿ. ನನ್ನ ಮುಂದಿನ ವೃತ್ತಿಜೀವನದ ಬಗ್ಗೆ ದಯವಿಟ್ಟು ಮಾರ್ಗದರ್ಶನ ಮಾಡಿ. ತಮ್ಮ ಜೊತೆ ಅರ್ಧ ಗಂಟೆ ಮಾತನಾಡಬಹುದೇ? ಎಲ್ಲಾದರೂ ಕೆಲಸ ಖಾಲಿ ಇದ್ದರೂ ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.”

ಇದರಲ್ಲಿ ಸುಳ್ಳಿಲ್ಲ, ಒರಟುತನವಿಲ್ಲ. ಆದರೂ ಇದು ಕೆಲಸ ಮಾಡದ ಪತ್ರ. ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ಜಾಡು ಇದರಲ್ಲಿ ಉಳಿದಿದೆ: ಮೊದಲು ವಿನಯ, ಆಮೇಲೆ ಪರಿಚಯ, ವಿಷಯ ಕಟ್ಟಕಡೆಗೆ. ಅರ್ಜಿಯನ್ನು ಓದುವುದು ಮೇಷ್ಟರ ಕೆಲಸ, ಅವರು ಕೊನೆಯವರೆಗೂ ಓದುತ್ತಾರೆ. ಈ ಪತ್ರವನ್ನು ಓದುವವರು ಎರಡು ಮೀಟಿಂಗ್‌ಗಳ ನಡುವೆ ಮೊಬೈಲ್‌ನಲ್ಲಿ ನೋಡುತ್ತಾರೆ. ಮೊದಲ ಒಂದೆರಡು ಸಾಲಿನಲ್ಲಿ ಕ್ಷಮೆ ಕೇಳುವುದರ ಹೊರತು ಬೇರೇನೂ ಕಾಣದಿದ್ದರೆ ‘ಆಮೇಲೆ ನೋಡೋಣ’ ಎಂದು ಪಕ್ಕಕ್ಕಿಡುತ್ತಾರೆ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಈ ಪತ್ರ ಒಟ್ಟಿಗೇ ಮೂರು ಸಂಗತಿ ಕೇಳುತ್ತಿದೆ: ಮಾರ್ಗದರ್ಶನ, ಅರ್ಧ ಗಂಟೆಯ ಮಾತು, ಕೆಲಸ. ಕೆಲಸದ ಮಾತು ಬಂದ ಕೂಡಲೇ ಸಲಹೆ ಕೇಳಿದ್ದು ಬರೀ ನೆಪ ಎನಿಸುತ್ತದೆ. ‘ಮಾರ್ಗದರ್ಶನ ಮಾಡಿ’ ಎಂಬುದಂತೂ ಪ್ರಶ್ನೆಯೇ ಅಲ್ಲ. ಅದಕ್ಕೆ ಉತ್ತರ ಕೊಡಬೇಕಾದರೆ ಹುಡುಗನಿಗೆ ಏನು ಬೇಕು, ಅವನ ಮುಂದೆ ಯಾವ ದಾರಿಗಳಿವೆ ಎಂದು ಹಿರಿಯರೇ ವಿಚಾರಿಸಿ ತಿಳಿಯಬೇಕು. ಆ ಹೊರೆ ಹೊರುವುದಕ್ಕೆ ಅವರಿಗೆ ಕಾರಣವಿಲ್ಲ.

ಹಾಗಾಗಿ ಪತ್ರ ಚಿಕ್ಕದು ಮಾಡುವ ಕೆಲಸ ಪದಗಳಿಂದ ಶುರುವಾಗುವುದಿಲ್ಲ, ಪ್ರಶ್ನೆಯಿಂದ ಶುರುವಾಗುತ್ತದೆ. ನಮ್ಮ ಹುಡುಗ ಕರಡನ್ನು ಬದಿಗಿಟ್ಟು ತನ್ನ ನಿಜವಾದ ಗೊಂದಲ ಏನೆಂದು ಬರೆದುಕೊಳ್ಳಲಿ. ಅವನ ಕೈಯಲ್ಲಿ ಎರಡು ಕೆಲಸಗಳಿವೆ ಎಂದಿಟ್ಟುಕೊಳ್ಳೋಣ. ಒಂದು, ಕಾಂಟ್ರ್ಯಾಕ್ಟರ್ ಬಳಿ ಸೈಟ್ ಇಂಜಿನಿಯರ್. ಇನ್ನೊಂದು, ಕಡಿಮೆ ಸಂಬಳಕ್ಕೆ ಡಿಸೈನ್ ಆಫೀಸಿನಲ್ಲಿ ಟ್ರೈನಿ. ಅವನ ಆಸೆ ಡಿಸೈನ್ ಕಡೆಗೆ, ಮನೆಯ ಅಗತ್ಯ ಸಂಬಳದ ಕಡೆಗೆ. ಸೈಟ್‌ನಲ್ಲಿ ಎರಡು ವರ್ಷ ಕಳೆದರೆ ಡಿಸೈನ್‌ನ ಬಾಗಿಲು ಮುಚ್ಚುತ್ತದೆಯೇ ಎಂಬುದೇ ಅವನ ಪ್ರಶ್ನೆ. ಇದು ಪುಸ್ತಕದಲ್ಲಿ ಸಿಗುವುದಿಲ್ಲ. ಡಿಸೈನ್ ಆಫೀಸಿಗೆ ಜನರನ್ನು ಆರಿಸಿಕೊಳ್ಳುವವರು ಇದನ್ನು ಎರಡು ಸಾಲಿನಲ್ಲಿ ಹೇಳಬಲ್ಲರು.

ಪ್ರಶ್ನೆ ಗಟ್ಟಿಯಾದರೆ ಯಾರನ್ನು ಕೇಳಬೇಕು ಎಂಬುದೂ ತಾನಾಗಿ ತಿಳಿಯಾಗುತ್ತದೆ. ಕಂಪನಿಯ ಅತಿ ಮೇಲಿನ ನಿರ್ದೇಶಕರಿಗಿಂತ, ಎಂಟು ಹತ್ತು ವರ್ಷ ಮುಂದೆ ಇದೇ ದಾರಿಯಲ್ಲಿ ನಡೆದು, ಈಗ ಹೊಸಬರ ಸಂದರ್ಶನ ಮಾಡುವವರು ಇದಕ್ಕೆ ಸರಿಯಾದ ವ್ಯಕ್ತಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟಕ್ಕೆ ಹೋದರೆ ಹಳೆಯ ವಿದ್ಯಾರ್ಥಿಗಳ ವಿಭಾಗವಿದೆ. ಯಾರು ಯಾವ ಊರಿನಲ್ಲಿ, ಯಾವ ಕೆಲಸದಲ್ಲಿದ್ದಾರೆ ಎಂದು ಸೋಸಿ ನೋಡಬಹುದು. ಸೈಟ್‌ನಿಂದ ಡಿಸೈನ್‌ಗೆ ಬಂದವರು ಅಲ್ಲಿ ಒಬ್ಬರು ಸಿಕ್ಕರೂ ಸಾಕು.

ಈಗ ಪತ್ರವನ್ನು ಮತ್ತೆ ಬರೆಯೋಣ:

“ನಮಸ್ಕಾರ ಸರ್. ನಾನು ನಿಮ್ಮ ಕಾಲೇಜಿನಲ್ಲೇ ಈ ವರ್ಷ ಸಿವಿಲ್ ಮುಗಿಸಿದೆ. ನೀವು ಮೂರು ವರ್ಷ ಸೈಟ್‌ನಲ್ಲಿದ್ದು ಆಮೇಲೆ ಡಿಸೈನ್‌ಗೆ ಬಂದಿದ್ದನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿ ಬರೆಯುತ್ತಿದ್ದೇನೆ. ನನಗೆ ಎರಡು ಕೆಲಸ ಸಿಕ್ಕಿವೆ: ಸೈಟ್ ಇಂಜಿನಿಯರ್, ಇಲ್ಲವೇ ಕಡಿಮೆ ಸಂಬಳಕ್ಕೆ ಡಿಸೈನ್ ಟ್ರೈನಿ. ಕೊನೆಗೆ ಡಿಸೈನ್‌ನಲ್ಲೇ ನಿಲ್ಲುವ ಆಸೆ. ಎರಡು ವರ್ಷ ಸೈಟ್ ಮಾಡಿ ಬಂದವರನ್ನು ಡಿಸೈನ್ ಆಫೀಸುಗಳು ತೆಗೆದುಕೊಳ್ಳುತ್ತವೆಯೇ, ಅಷ್ಟರಲ್ಲಿ ತಡವಾಗಿರುತ್ತದೆಯೇ? ಎರಡು ಸಾಲು ಬರೆದರೂ ನನಗೆ ತುಂಬ ಸಹಾಯವಾಗುತ್ತದೆ.”

ನಮಸ್ಕಾರ ಬಿಟ್ಟರೆ ಆರೇ ವಾಕ್ಯ. ಹೋದದ್ದು ಏನು? ಕ್ಷಮೆ, ಸಿಜಿಪಿಎ, ಬಾಲ್ಯದ ಕುತೂಹಲ, ಸಾಫ್ಟ್‌ವೇರ್‌ಗಳ ಪಟ್ಟಿ, ‘ಶ್ರಮಜೀವಿ’ ಎಂಬ ಸ್ವಂತ ಸರ್ಟಿಫಿಕೇಟು, ರೆಸ್ಯೂಮೆ. ಸಲಹೆ ಕೊಡಲು ಇವುಗಳಲ್ಲಿ ಒಂದೂ ಬೇಕಿಲ್ಲ. ಬಂದದ್ದು ಏನು? ಎರಡು ಕೆಲಸಗಳ ವಿಷಯ, ಅವರನ್ನೇ ಕೇಳಲು ಕಾರಣ, ಒಂದೇ ಪ್ರಶ್ನೆ. ಅಂದರೆ ಪತ್ರ ಚಿಕ್ಕದಾಗಿದೆ, ಆದರೆ ಅದರೊಳಗಿನ ಮಾಹಿತಿ ಹೆಚ್ಚಾಗಿದೆ.

ಕತ್ತರಿ ಹಾಕುವಾಗ ಎಡವುವುದು ಇಲ್ಲಿಯೇ. ‘ನೀವು ಮೂರು ವರ್ಷ ಸೈಟ್‌ನಲ್ಲಿದ್ದು’ ಎಂಬ ಸಾಲನ್ನೂ ಕೆಲವರು ಹೆಚ್ಚುವರಿ ಎಂದು ತೆಗೆದುಬಿಡುತ್ತಾರೆ. ಅದು ಹೋದರೆ ಈ ಪತ್ರ ಹೆಸರು ಬದಲಿಸಿ ಐವತ್ತು ಜನರಿಗೆ ಕಳಿಸಿದ ಸಂದೇಶದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ಇದೇ ಪತ್ರವನ್ನು ಬೇರೊಬ್ಬರಿಗೆ ಹಾಗೇ ಕಳಿಸಬಹುದಾದರೆ ಬರೆಯುವ ಕೆಲಸ ಇನ್ನೂ ಮುಗಿದಿಲ್ಲ. ಗೌರವ ಕಡಿಮೆಯಾಯಿತೇನೋ ಎಂಬ ಅಳುಕೂ ಬೇಡ. ಅವರು ನಡೆದುಬಂದ ದಾರಿಯನ್ನು ಓದಿಕೊಂಡು ಬಂದಿರುವುದಕ್ಕಿಂತ ದೊಡ್ಡ ಗೌರವ ‘ಅಮೂಲ್ಯ ಸಮಯ’ ಎಂಬ ಮಾತಿನಲ್ಲಿಲ್ಲ. ಇಂಗ್ಲಿಷ್‌ನಲ್ಲಿ ಬರೆದರೂ ಲೆಕ್ಕ ಇದೇ: ‘ಐ ಹೋಪ್ ದಿಸ್ ಮೇಲ್ ಫೈಂಡ್ಸ್ ಯು ವೆಲ್’ ಮೊದಲು ಹೋಗಬೇಕು.

ಇಮೇಲ್ ಆದರೆ ವಿಷಯದ ಸಾಲಿನಲ್ಲಿ ‘ಮಾರ್ಗದರ್ಶನ ಕೋರಿ’ ಎಂದು ಬರೆಯುವ ಬದಲು ‘ಸೈಟ್ ಮೊದಲೋ, ಡಿಸೈನ್ ಮೊದಲೋ: ನಿಮ್ಮ ಕಾಲೇಜಿನವನ ಪ್ರಶ್ನೆ’ ಎಂದು ಬರೆಯಿರಿ. ಲಿಂಕ್ಡ್‌ಇನ್‌ನಲ್ಲಿ ಸಂಪರ್ಕದ ಕೋರಿಕೆಯ ಜೊತೆ ಕಳಿಸುವ ಟಿಪ್ಪಣಿಗೆ ಅಕ್ಷರಗಳ ಮಿತಿ ಇದೆ, ಆರು ವಾಕ್ಯ ಅದರಲ್ಲಿ ಹಿಡಿಸುವುದಿಲ್ಲ. ಅಲ್ಲಿ ಎರಡೇ ಸಾಲು ಸಾಕು: ಅವರನ್ನೇ ಕೇಳಲು ಕಾರಣ ಮತ್ತು ಪ್ರಶ್ನೆ. ಉಳಿದದ್ದು ಅವರು ಒಪ್ಪಿಕೊಂಡ ಮೇಲೆ.

ವಾರ, ಹತ್ತು ದಿನ ಕಳೆದರೂ ಉತ್ತರ ಬರದಿದ್ದರೆ ಹಳೆಯ ಪತ್ರದ ಕೆಳಗೇ ಒಂದು ಸಾಲಿನ ನೆನಪೋಲೆ ಕಳಿಸಬಹುದು, ಒಮ್ಮೆ ಮಾತ್ರ. ಆಮೇಲೂ ಮೌನವಾದರೆ ಇನ್ನೊಬ್ಬರನ್ನು ಹುಡುಕಿ. ಚೆನ್ನಾಗಿ ಬರೆದ ಪತ್ರಕ್ಕೂ ಉತ್ತರ ಬರದೆ ಹೋಗುವುದುಂಟು, ಅದನ್ನು ಅವಮಾನ ಎಂದುಕೊಳ್ಳಬೇಕಿಲ್ಲ.

ಉತ್ತರ ಬಂದರೆ ಅಂದೇ ಧನ್ಯವಾದ ಹೇಳಿ, ಆದರೆ ಅದರ ಬೆನ್ನಿಗೇ ‘ನಿಮ್ಮ ಆಫೀಸಿನಲ್ಲಿ ಕೆಲಸ ಇದೆಯೇ’ ಎಂದು ಕೇಳಬೇಡಿ. ತಿಂಗಳಾದ ಮೇಲೆ, ಅವರ ಮಾತು ಕೇಳಿ ಯಾವ ಕೆಲಸ ಆರಿಸಿಕೊಂಡಿರಿ, ಅದು ಹೇಗೆ ನಡೆದಿದೆ ಎಂದು ಎರಡು ಸಾಲು ಬರೆಯಿರಿ. ಸಲಹೆ ಕೊಟ್ಟವರಿಗೆ ಅದರಿಂದ ಏನಾಯಿತು ಎಂದು ತಿಳಿಸುವವರು ಬಹಳ ಕಡಿಮೆ. ತಿಳಿಸಿದವರ ಹೆಸರು ಅವರಿಗೆ ನೆನಪಿರುತ್ತದೆ, ಮುಂದಿನ ಸಲದ ಪತ್ರ ಅಪರಿಚಿತರ ಪತ್ರವಾಗಿರುವುದಿಲ್ಲ.